ಹೆಸರಿಲ್ಲದ ನಡಾವಳಿ

ರಾಯಚೂರಿನ ಲಿಂಗಸೂಗೂರು ರಸ್ತೆಯಲ್ಲಿ ಟೈರಿನ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಪಂಪಾಪತಿಯವರ ಸಾಫ್ಟ್‌ವೇರ್ ಕಂಪನಿ ಇದೆ. ಕಂಪನಿ ಎಂದರೆ ದೊಡ್ಡದೇನಲ್ಲ. ಒಂದು ಉದ್ದನೆಯ ಕೋಣೆ, ಒಂದು ಸಣ್ಣ ಕೋಣೆ, ಏಳೆಂಟು ಜನ. ಕೆಳಗೆ ಟೈರಿಗೆ ಗಾಳಿ ತುಂಬುವ ಮಷೀನು ಗುಡುಗುಟ್ಟುತ್ತಿದ್ದರೆ ಮೇಲೆ ಕೂತವರು ರೈಸ್ ಮಿಲ್ಲುಗಳಿಗೆ ಬೇಕಾದ ಸಾಫ್ಟ್‌ವೇರ್ ಬರೆಯುತ್ತಿರುತ್ತಾರೆ. ಪಂಪಾಪತಿಯವರ ಮನೆತನದ್ದೇ ಭತ್ತದ ವ್ಯಾಪಾರ. ಮಿಲ್ಲಿನ ಕಷ್ಟ ಏನೆಂದು ಅವರಿಗೆ ಗೊತ್ತು, ಮಿಲ್ಲಿನವರಿಗೆ ಅವರು ಗೊತ್ತು. ಅದರ ಮೇಲೆಯೇ ಕಂಪನಿ ನಿಂತಿದೆ.

ನಾಗವೇಣಿ ಅಲ್ಲಿ ಟೆಸ್ಟರ್. ಬೇರೆಯವರು ಬರೆದ ಪ್ರೋಗ್ರಾಮು ಜನರ ಕೈಗೆ ಹೋಗುವ ಮೊದಲು ಎಲ್ಲಿ ಎಡವುತ್ತದೆ ಎಂದು ಹುಡುಕುವುದು ಆಕೆಯ ಕೆಲಸ. ಹುಟ್ಟಿದ್ದು ದೇವದುರ್ಗ ತಾಲ್ಲೂಕಿನ ಗೂಗಲ್‌ನಲ್ಲಿ, ಕೃಷ್ಣೆಯ ದಂಡೆಯ ಮೇಲೆ. ಊರಿನ ಹೆಸರು ಹೇಳಿದಾಗಲೆಲ್ಲ ಕಂಪ್ಯೂಟರಿನವರು ನಗುತ್ತಾರೆ. ಆಕೆಯೂ ನಗುತ್ತಾಳೆ, ನಮ್ಮೂರು ಮೊದಲಿನಿಂದ ಇದೆ, ಅವರದು ಈಚೆಗೆ ಬಂದದ್ದು ಎನ್ನುತ್ತಾಳೆ. ತಾಯಿ ಬಸ್ಸಮ್ಮ ಕೂಲಿಗೆ ಹೋಗುತ್ತಿದ್ದವಳು. ಓಣಿಯ ಹೆಂಗಸರೆಲ್ಲ ಸೇರಿ ಕಟ್ಟಿಕೊಂಡಿದ್ದ ಸಂಘದಲ್ಲಿ ಬಸ್ಸಮ್ಮನೂ ಇದ್ದಳು. ಸಭೆ ನಡೆದರೆ ನಡಾವಳಿ ಬರೆಯಬೇಕು, ಬರೆಯಲು ಬರುವವರು ಯಾರೂ ಇಲ್ಲ. ಹೀಗಾಗಿ ಶಾಲೆಗೆ ಹೋಗುತ್ತಿದ್ದ ನಾಗವೇಣಿಯನ್ನು ಕೂರಿಸಿಕೊಳ್ಳುತ್ತಿದ್ದರು. ಬರೆದದ್ದನ್ನು ಅಲ್ಲಿಯೇ ಗಟ್ಟಿಯಾಗಿ ಓದಬೇಕು, ಕೂತವರೆಲ್ಲ ಹೌದೆನ್ನಬೇಕು, ಇಲ್ಲದಿದ್ದರೆ ಹೊಡೆದು ಹಾಕಿ ಮತ್ತೆ ಬರೆಯಬೇಕು. ಒಮ್ಮೆ ಇಬ್ಬರು ಹೆಂಗಸರು ಜಗಳಾಡಿದ ಸಭೆಯಲ್ಲಿ ಯಾರು ಯಾರಿಗೆ ಏನೆಂದರು ಎಂಬುದನ್ನು ಹುಡುಗಿ ಚಾಚೂ ತಪ್ಪದೆ ಬರೆದಿದ್ದಳು. ಓದಿ ಮುಗಿಸಿದಾಗ ಬಸ್ಸಮ್ಮ ಮೆಲ್ಲಗೆ ಹೇಳಿದಳು:

“ಹಂಗ ಬರೀಬ್ಯಾಡ ಯವ್ವಾ. ಆಕಿ ಹಿಂಗ ಅಂದ್ಲು ಅಂತ ಬರದ್ರ ನಾಳಿ ಆಕಿ ಸಂಘಕ್ಕ ಬರಂಗಿಲ್ಲ. ಏನಾತು, ಮುಂದ ಏನ್ ಮಾಡಾಮು, ಅಷ್ಟ ಬರಿ.”

ಆಮೇಲೆ ನಾಗವೇಣಿ ದೇವದುರ್ಗದಲ್ಲಿ ಕಾಲೇಜು ಮುಗಿಸಿದಳು, ಅಲ್ಲಿಯೇ ಕೆಲವು ವರ್ಷ ಕಂಪ್ಯೂಟರ್ ಸೆಂಟರಿನಲ್ಲಿ ಮಕ್ಕಳಿಗೆ ಕಲಿಸಿದಳು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನನ್ನು ಮದುವೆಯಾಗಿ ರಾಯಚೂರಿಗೆ ಬಂದಳು. ಮಗಳು ಶಾಲೆಗೆ ಸೇರಿದ ವರ್ಷವೇ ಪಂಪಾಪತಿಯವರ ಕಂಪನಿಯಲ್ಲಿ ಕೆಲಸ ಸಿಕ್ಕಿತು.

ಕಂಪನಿಯಲ್ಲಿ ಕೆಲಸವನ್ನು ಎರಡೆರಡು ವಾರದ ಕಂತುಗಳಾಗಿ ಒಡೆದುಕೊಂಡಿದ್ದರು. ಆ ಕಂತಿಗೆ ಸ್ಪ್ರಿಂಟ್ ಎಂದು ಹೆಸರು. ಒಂದು ಸ್ಪ್ರಿಂಟ್ ಮುಗಿದ ಮೇಲೆ ಎಲ್ಲರೂ ಒಂದು ಗಂಟೆ ಸಣ್ಣ ಕೋಣೆಯಲ್ಲಿ ಕೂತು, ಮಾಡಿದ ಕೆಲಸವನ್ನಲ್ಲ, ಕೆಲಸ ಮಾಡಿದ ರೀತಿಯನ್ನು ತಿರುಗಿ ನೋಡುತ್ತಾರೆ. ಯಾವುದು ಚೆನ್ನಾಗಿ ನಡೆಯಿತು, ಯಾವುದು ತೊಡಕಾಯಿತು, ಮುಂದಿನ ಎರಡು ವಾರ ಏನನ್ನು ಬೇರೆ ರೀತಿಯಲ್ಲಿ ಮಾಡಿ ನೋಡೋಣ. ಇದಕ್ಕೆ ರೆಟ್ರೋ ಎನ್ನುತ್ತಾರೆ. ಅದನ್ನು ನಡೆಸುವವನು ತಂಡದ ಹಿರಿಯ ಸೈಫುದ್ದೀನ್. ಹೈದರಾಬಾದಿನಲ್ಲಿ ಬಹಳ ವರ್ಷ ದುಡಿದು, ತಂದೆ-ತಾಯಿಗೆ ವಯಸ್ಸಾಯಿತೆಂದು ರಾಯಚೂರಿಗೆ ಮರಳಿದ್ದ ಸಾವಧಾನದ ಮನುಷ್ಯ. ಒಂದು ದಿನ ಆತ ನಡಾವಳಿ ಬರೆಯಲು ಯಾರಾದರೂ ಬೇಕು ಎಂದಾಗ ಎಲ್ಲರೂ ಕಿಟಕಿಯ ಕಡೆ ನೋಡಿದರು. ನಾಗವೇಣಿ ಕೈ ಎತ್ತಿದಳು.

ಮೊದಲು ಆಕೆ ಹಿಂದಿನ ನಡಾವಳಿಗಳನ್ನೆಲ್ಲ ತೆಗೆದು ಓದಿದಳು. ಪ್ರತಿಯೊಂದರ ಕೊನೆಗೂ ಒಂದೇ ಸಾಲು: ನಮ್ಮ ನಡುವೆ ಮಾತುಕತೆ ಇನ್ನೂ ಸುಧಾರಿಸಬೇಕು. ಎಷ್ಟೋ ತಿಂಗಳಿಂದ ಸುಧಾರಿಸಬೇಕಿತ್ತು, ಸುಧಾರಿಸಿತೋ ಇಲ್ಲವೋ ಹೇಳುವವರಿಲ್ಲ. ಆಕೆ ಸೈಫುದ್ದೀನ್‌ನನ್ನು ಕೇಳಿ ಎರಡು ಕಟ್ಟಳೆ ಮಾಡಿದಳು. ಒಂದು, ರೆಟ್ರೋ ಶುರುವಾಗುವುದೇ ಹಿಂದಿನ ನಡಾವಳಿ ಓದುವುದರಿಂದ; ಮಾಡಿ ನೋಡುತ್ತೇವೆ ಎಂದದ್ದನ್ನು ಮಾಡಿದೆವೇ, ಏನಾಯಿತು ಎಂದು ಮೊದಲು ಹೇಳಬೇಕು. ಇನ್ನೊಂದು, ಮಾಡಿ ನೋಡುವ ಪ್ರಯೋಗವನ್ನು ಕಣ್ಣಿಗೆ ಕಾಣುವ ಹಾಗೆ ಬರೆಯಬೇಕು: ಏನು ಮಾಡುತ್ತೇವೆ, ಅದರಿಂದ ಏನಾಗಬಹುದು ಎಂದುಕೊಂಡಿದ್ದೇವೆ, ಆಯಿತೆಂದು ಹೇಗೆ ತಿಳಿಯುತ್ತದೆ, ಯಾರು ಅದರ ಮೇಲೆ ಕಣ್ಣಿಡುತ್ತಾರೆ, ಯಾವಾಗ ಮತ್ತೆ ನೋಡುತ್ತೇವೆ. ಮೊದಮೊದಲು ಇದು ಶಾಲೆಯ ಹೋಂವರ್ಕಿನ ಹಾಗಾಯಿತು ಎಂದು ಗೊಣಗಿದವರೂ ಇದ್ದರು. ಬರಬರುತ್ತ ಗೊಣಗು ನಿಂತಿತು.

ಆ ವರ್ಷ ಅವರು ಬರೆಯುತ್ತಿದ್ದದ್ದು ಮಿಲ್ಲಿನ ಗೇಟಿನ ಟೋಕನ್ ಆ್ಯಪ್. ಸುಗ್ಗಿ ಬಂದರೆ ಮಾನ್ವಿ ಕಡೆಯ ಹಾದಿಯಲ್ಲಿ ಓಡಾಡಿದವರಿಗೆಲ್ಲ ಗೊತ್ತು, ಪೋತ್ನಾಳದ ಮಿಲ್ಲುಗಳ ಮುಂದೆ ಭತ್ತ ತುಂಬಿದ ಟ್ರ್ಯಾಕ್ಟರುಗಳು ಒಂದರ ಹಿಂದೆ ಒಂದು ರಸ್ತೆಯುದ್ದಕ್ಕೂ ನಿಂತಿರುತ್ತವೆ. ತೂಕದ ಕಾಟಾ ಒಂದೇ. ತನ್ನ ಸರದಿ ಬರುವವರೆಗೆ ಚಾಲಕ ಟ್ರಾಲಿಯ ಕೆಳಗೆ ಚಾಪೆ ಹಾಸಿ ಮಲಗುತ್ತಾನೆ, ಅಲ್ಲಿಯೇ ಉಣ್ಣುತ್ತಾನೆ. ಬಸ್ಸುಗಳು ಒಂದೇ ಬದಿಯಲ್ಲಿ ತೆವಳುತ್ತ ಸಾಗುತ್ತವೆ. ಸರದಿಯ ಟೋಕನ್ ಮೊದಲೇ ಕೊಟ್ಟು, ಇಂಥ ಹೊತ್ತಿಗೆ ಬಾ ಎಂದು ರೈತನ ಫೋನಿಗೆ ತಿಳಿಸಿಬಿಟ್ಟರೆ ಆತ ಮನೆಯಿಂದ ಆ ಹೊತ್ತಿಗೇ ಹೊರಡಬಹುದು. ಯೋಚನೆ ಇಷ್ಟೇ. ಪೋತ್ನಾಳದಲ್ಲಿ ಊರಿಗಿಂತ ಮೊದಲೇ ಸಿಗುವ, ಎಲ್ಲಕ್ಕಿಂತ ಉದ್ದ ಸಾಲು ಬೆಳೆಯುವ ಒಂದು ಮಿಲ್ಲಿನವರು ಮಾಡಿ ನೋಡೋಣ ಎಂದಿದ್ದರು. ಅಲ್ಲಿ ಎರಡು ಗೇಟು, ಗೇಟಿಗೊಂದು ಫೋನು; ಮೊದಲ ಆವೃತ್ತಿಯಲ್ಲಿ ಗೇಟಿಗೆ ಬಂದವರಿಗಷ್ಟೇ ಅದರಿಂದ ಟೋಕನ್ ಸಿಗುತ್ತಿತ್ತು. ಗೇಟಿನ ಲೆಕ್ಕ ನೋಡುತ್ತಿದ್ದವಳು ಭಾಗ್ಯಜ್ಯೋತಿ ಎಂಬ ಅದೇ ಊರಿನ ಹೆಣ್ಣುಮಗಳು.

ಮಿಲ್ಲಿನ ಅಂಗಳದಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕಾಗಿ ಪ್ರತಿ ಫೋನಿಗೂ ಟೋಕನ್ ನಂಬರುಗಳ ಒಂದೊಂದು ಕಂತೆಯನ್ನು ಮೊದಲೇ ಕೊಟ್ಟಿಟ್ಟಿದ್ದರು. ನೆಟ್‌ವರ್ಕ್ ಇಲ್ಲದಾಗ ಫೋನು ತನ್ನ ಕಂತೆಯಿಂದಲೇ ನಂಬರು ಕೊಡುತ್ತ ಹೋಗುತ್ತದೆ, ಸಿಕ್ಕಾಗ ಲೆಕ್ಕ ಒಪ್ಪಿಸುತ್ತದೆ. ಆ ಭಾಗವನ್ನು ಬರೆದವನು ಗೌತಮ, ತಂಡದ ಚುರುಕಿನ ಡೆವಲಪರ್. ಮಾನ್ವಿ ತಾಲ್ಲೂಕಿನವನೇ. ಅವನ ತಂದೆ ಸುಂಕಪ್ಪ ಅದೇ ಮಿಲ್ಲಿನಲ್ಲಿ ವರ್ಷಗಟ್ಟಲೆ ಹಮಾಲಿ ಮಾಡಿದವನು. ಈ ಆ್ಯಪ್ ತನ್ನ ಊರಿಗೆ ಹೋಗುತ್ತದೆ ಎಂದು ಅವನಿಗೆ ಒಳಗೊಳಗೇ ಹಿಗ್ಗು.

ಸುಗ್ಗಿ ಏರುತ್ತಿದ್ದ ಒಂದು ಶುಕ್ರವಾರ ಸಂಜೆ, ಮನೆಯಲ್ಲಿದ್ದ ರೈತರಿಗೂ ಸರದಿಯ ಹೊತ್ತು ತಿಳಿಸುವ ಆ್ಯಪಿನ ಹೊಸ ಆವೃತ್ತಿ ಪೋತ್ನಾಳದ ಫೋನುಗಳಿಗೆ ಹೋಯಿತು. ಶನಿವಾರ ಬೆಳಿಗ್ಗೆ ಗೇಟು ತೆರೆದಾಗ ನೆಟ್‌ವರ್ಕ್ ಇರಲಿಲ್ಲ. ಹೊಸ ಆವೃತ್ತಿ ಹಳೆಯ ಕಂತೆಯನ್ನು ಅಳಿಸಿ ಹಾಕಿತ್ತು. ಕಂತೆ ಇಲ್ಲದ ಫೋನು ಸರ್ವರನ್ನು ಕೇಳಬೇಕು, ಕೇಳಲಾಗದಿದ್ದರೆ ಸುಮ್ಮನಿರಬೇಕು. ಅದು ಸುಮ್ಮನಿರದೆ ಒಂದರಿಂದ ಎಣಿಸತೊಡಗಿತು. ಎರಡೂ ಗೇಟಿನಲ್ಲಿ ಹಾಗೆಯೇ. ಒಂದೇ ನಂಬರಿನ ಟೋಕನ್ ಹಿಡಿದ ಇಬ್ಬಿಬ್ಬರು ರೈತರು ಕಾಟಾದ ಮುಂದೆ ಎದುರಾದರು. ನಾನು ಮೊದಲು, ನೀನು ಮೊದಲು ಎಂದು ಮಾತು ಏರಿತು, ಟ್ರ್ಯಾಕ್ಟರುಗಳು ಅಡ್ಡಾದಿಡ್ಡಿ ಸಿಕ್ಕಿಕೊಂಡವು, ಹಿಂದಿನವರು ಹಾರ್ನು ಬಾರಿಸಿದರು. ರಾಯಚೂರಿನಿಂದ ಮಾನ್ವಿ ದಾಟಿ ಬಂದ ಬಸ್ಸುಗಳು ಬಹಳ ಹೊತ್ತು ನಿಂತವು. ಭಾಗ್ಯಜ್ಯೋತಿ ಫೋನುಗಳನ್ನು ಬದಿಗಿಟ್ಟು ಕೈಯಿಂದ ಚೀಟಿ ಬರೆದು ಕೊಡತೊಡಗಿದ ಮೇಲೆ ಒಂದು ಹದಕ್ಕೆ ಬಂತು.

ಸುದ್ದಿ ತಿಳಿದು ತಂಡದವರೆಲ್ಲ ಆಫೀಸಿಗೆ ಓಡಿ ಬಂದರು. ಮಧ್ಯಾಹ್ನದೊಳಗೆ ಕಾರಣ ಸಿಕ್ಕಿತು, ಹಳೆಯ ಆವೃತ್ತಿಯನ್ನು ಮರಳಿ ಹಾಕಿದರು. ಆದರೆ ಗೌತಮನ ಮುಖ ನೋಡುವಂತಿರಲಿಲ್ಲ. ಅವನ ಊರಿನವರೇ ಅಲ್ಲಿ ನಿಂತಿದ್ದರು, ಅವನ ತಂದೆಗೆ ಗುರುತಿರುವ ಹಮಾಲರು ನಡುವೆ ಬಂದು ಜಗಳ ಬಿಡಿಸಿದ್ದರು.

ಮುಂದಿನ ರೆಟ್ರೋ ದಿನ ಎಲ್ಲರೂ ಸಣ್ಣ ಕೋಣೆಯಲ್ಲಿ ಕೂಡಿದರು. ಗೋಡೆಯ ಮೇಲೆ ಎಂದಿನಂತೆ ಮೂರು ತಲೆಬರಹ: ಚೆನ್ನಾಗಿ ನಡೆದದ್ದು, ತೊಡಕು, ಪ್ರಯೋಗ. ಮೊದಲ ಕೆಲವು ನಿಮಿಷ ಯಾರೂ ಮಾತಾಡದೆ ತಮ್ಮ ತಮ್ಮ ಅನಿಸಿಕೆಯನ್ನು ಬಣ್ಣದ ಅಂಟುಚೀಟಿಯ ಮೇಲೆ ಬರೆಯಬೇಕು. ಯಾರ ಚೀಟಿ ಎಂದು ಹೇಳಬೇಕಿಲ್ಲ. ಎಲ್ಲರೂ ಅಂಟಿಸಿ ಕೂತ ಮೇಲೆ ಸೈಫುದ್ದೀನ್ ಒಂದೊಂದನ್ನೇ ಓದತೊಡಗಿದ. ತೊಡಕುಗಳ ಕೆಳಗೆ ಒಂದು ಚೀಟಿಯ ಮೇಲೆ ಇಷ್ಟೇ ಇತ್ತು: ಗೌತಮ ಸರಿಯಾಗಿ ಮಾಡಲಿಲ್ಲ.

ನಾಗವೇಣಿ ಆ ಅಕ್ಷರ ಗುರುತಿಸಿದಳು. ಅದು ಗೌತಮನದೇ.

ಸೈಫುದ್ದೀನ್‌ಗೂ ತಿಳಿದಿರಬೇಕು. ಆತ ಆ ಚೀಟಿಯನ್ನು ಕಿತ್ತು ಹಾಕಲಿಲ್ಲ, ಯಾರು ಬರೆದದ್ದೆಂದು ಕೇಳಲೂ ಇಲ್ಲ. ಅದರ ಪಕ್ಕ ಒಂದು ಖಾಲಿ ಚೀಟಿ ಅಂಟಿಸಿ, ಇದಕ್ಕೂ ಮೊದಲು ಏನಾಗಿತ್ತು ಎಂದಷ್ಟೇ ಕೇಳಿದ. ಮೊದಲ ಉತ್ತರವನ್ನೂ ತಾನೇ ಕೊಟ್ಟ:

“ಗುರುವಾರ ಆ ಕೋಡು ನನ್ನ ಮುಂದ ಬಂದಿತ್ತು. ‘ನೋಡೀನಿ, ಸರಿ ಅದ’ ಅಂತ ಬಟನ್ ಒತ್ತೀನಿ. ಖರೇ ಹೇಳ್ಬೇಕಂದ್ರ ನಾ ನೋಡಿದ್ದಿಲ್ಲ.”

ಆತ ಅದನ್ನೇ ಖಾಲಿ ಚೀಟಿಯ ಮೇಲೆ ಬರೆದ. ನಾಗವೇಣಿಯೂ ಎದ್ದಳು. ತಾನು ಪರೀಕ್ಷೆ ಮಾಡಿದ್ದು ಆಫೀಸಿನೊಳಗೆ, ಒಂದೇ ಫೋನಿನ ಮೇಲೆ, ವೈಫೈ ಹಚ್ಚಿಕೊಂಡು ಎಂದು ಬರೆದು ಅಂಟಿಸಿದಳು. ಆ್ಯಪಿನ ಪರದೆಗಳನ್ನು ರೂಪಿಸುತ್ತಿದ್ದ ಶೈಲಜಾ, ನೆಟ್‌ವರ್ಕ್ ಇಲ್ಲವೆಂದು ತೋರಿಸುವ ಗುರುತನ್ನು ಚೆಂದ ಕಾಣುವುದಿಲ್ಲವೆಂದು ತೆಗೆದುಹಾಕಿದ್ದನ್ನು ಹೇಳಿದಳು. ಅದು ಇದ್ದಿದ್ದರೆ ಗೇಟಿನವರಿಗೆ ಅನುಮಾನವಾದರೂ ಬರುತ್ತಿತ್ತು. ಹೀಗೆ ಒಬ್ಬೊಬ್ಬರೂ ಎದ್ದು ಬಂದು, ಒಬ್ಬನೇ ಹೊತ್ತುಕೊಂಡಿದ್ದ ಹೊರೆಗೆ ಹೆಗಲು ಕೊಡುತ್ತ ಹೋದರು. ನಾಗವೇಣಿ ಬರೆಯುವುದನ್ನು ನಿಲ್ಲಿಸಿ ನೋಡುತ್ತ ಕೂತಳು. ದಿನಾಲೂ ಒಟ್ಟಿಗೆ ಚಹಾ ಕುಡಿಯುವ ಇದೇ ಮಂದಿ ಇಂಥದೊಂದನ್ನು ಮಾಡಬಲ್ಲರೆಂದು ಆಕೆ ಎಣಿಸಿರಲಿಲ್ಲ. ಕೊನೆಗೆ ಗೌತಮನೇ ಎದ್ದು ತನ್ನ ಚೀಟಿಯನ್ನು ತೆಗೆದು, ಅದರ ಜಾಗದಲ್ಲಿ ಬೇರೊಂದನ್ನು ಅಂಟಿಸಿದ: ಕಂತೆ ಇಲ್ಲದಾಗ ಫೋನು ಏನು ಮಾಡಬೇಕೆಂದು ನಾವು ಎಂದೂ ಮಾತಾಡಿಕೊಂಡಿರಲಿಲ್ಲ.

ಅದು ಸರಿಯಾದ ಸಾಲು ಎಂದು ಎಲ್ಲರಿಗೂ ಅನಿಸಿತು.

ಆಮೇಲೆ ಎಲ್ಲರೂ ಮತ ಹಾಕುವ ಹಾಗೆ ತಲಾ ಕೆಲವು ಚುಕ್ಕಿಗಳನ್ನು ತಮಗೆ ಮುಖ್ಯವೆನಿಸಿದ ಚೀಟಿಗಳ ಮೇಲೆ ಹಾಕಿದರು. ಹೆಚ್ಚು ಚುಕ್ಕಿ ಬಿದ್ದವುಗಳ ಮೇಲೆ ಮಾತಾಡಿ ಎರಡೇ ಪ್ರಯೋಗ ಆರಿಸಿಕೊಂಡರು. ಹತ್ತು ಹಿಡಿದರೆ ಒಂದೂ ನಡೆಯುವುದಿಲ್ಲ ಎಂಬುದು ಸೈಫುದ್ದೀನನ ಅನುಭವ. ನಾಗವೇಣಿ ಬರೆದು ಓದಿದ ನಡಾವಳಿ ಹೀಗಿತ್ತು:

“ಚೆನ್ನಾಗಿ ನಡೆದದ್ದು: ಟೋಕನ್ ಗೊಂದಲವಾದಾಗ ಪೋತ್ನಾಳದ ಗೇಟಿನವರು ಕೈಬರಹದ ಚೀಟಿಗೆ ಇಳಿದು ಕೆಲಸ ನಿಲ್ಲದಂತೆ ನೋಡಿಕೊಂಡರು. ತಂಡದವರು ಅದೇ ದಿನ ಕೂಡಿ ಕಾರಣ ಕಂಡುಕೊಂಡರು, ಹಳೆಯ ಆವೃತ್ತಿಯನ್ನು ಮರಳಿ ಹಾಕಿದರು.

ತೊಡಕು: ಹೊಸ ಆವೃತ್ತಿ ಬಂದಾಗ ಫೋನಿನ ನಂಬರುಗಳ ಕಂತೆ ಅಳಿಸಿಹೋಯಿತು. ಕಂತೆಯೂ ನೆಟ್‌ವರ್ಕೂ ಇಲ್ಲದಾಗ ಏನಾಗಬೇಕೆಂದು ಮೊದಲೇ ಮಾತಾಗಿರಲಿಲ್ಲ. ಕೋಡಿನ ಮರುಪರಿಶೀಲನೆ ಅವಸರದಲ್ಲಿ ಮುಗಿಯಿತು. ಪರೀಕ್ಷೆ ನಡೆದದ್ದು ನೆಟ್‌ವರ್ಕ್ ಇರುವಲ್ಲಿ, ಒಂದೇ ಫೋನಿನ ಮೇಲೆ. ನೆಟ್‌ವರ್ಕ್ ಇಲ್ಲವೆಂದು ತೋರಿಸುವ ಗುರುತು ಪರದೆಯ ಮೇಲೆ ಇರಲಿಲ್ಲ. ಶುಕ್ರವಾರದೊಳಗೆ ಕೊಡುತ್ತೇವೆಂಬ ಮಾತು ತಂಡವನ್ನು ಕೇಳುವ ಮೊದಲೇ ಹೊರಗೆ ಹೋಗಿತ್ತು.

ಪ್ರಯೋಗ ಒಂದು: ಸುಗ್ಗಿ ಮುಗಿಯುವವರೆಗೆ ಹೊಸ ಆವೃತ್ತಿಯನ್ನು ಬುಧವಾರದ ನಂತರ ಹೊರಗೆ ಬಿಡುವುದಿಲ್ಲ. ಇದರಿಂದ ಅವಸರ ತಗ್ಗಬಹುದು. ಏನಾದರೂ ಕೆಟ್ಟರೆ ಸರಿಪಡಿಸಲು ಎಲ್ಲರೂ ಕೈಗೆ ಸಿಗುತ್ತಾರೆ. ಕಣ್ಣಿಡುವವರು ಸೈಫುದ್ದೀನ್. ಪ್ರಯೋಗ ಎರಡು: ಹೊರಗೆ ಬಿಡುವ ಮೊದಲು ಪೋತ್ನಾಳದ ಗೇಟಿನಲ್ಲಿಯೇ, ಎರಡು ಫೋನಿನ ಮೇಲೆ, ನೆಟ್‌ವರ್ಕ್ ಬಂದ್ ಮಾಡಿ ಪರೀಕ್ಷಿಸುತ್ತೇವೆ. ನಂಬರು ಎರಡು ಸಲ ಬಂದರೆ ಅಲ್ಲಿಯೇ ತಿಳಿಯುತ್ತದೆ. ಕಣ್ಣಿಡುವವರು ನಾಗವೇಣಿ. ಎರಡನ್ನೂ ಮುಂದಿನ ರೆಟ್ರೋದಲ್ಲಿ ನೋಡುವುದು.”

ಕಣ್ಣಿಡುವವರ ಹೆಸರು ಬಿಟ್ಟರೆ ಅದರಲ್ಲಿ ಯಾರ ಹೆಸರೂ ಇರಲಿಲ್ಲ. ಎಲ್ಲರೂ ಸರಿ ಎಂದರು.

ಮರುದಿನ ಪಂಪಾಪತಿಯವರು ನಾಗವೇಣಿಯನ್ನು ಕರೆಸಿದರು. ರೆಟ್ರೋದಲ್ಲಿ ಅವರು ಕೂರುತ್ತಿರಲಿಲ್ಲ; ಮಾಲೀಕರಿದ್ದರೆ ಬಾಯಿ ಬಿಡುವವರು ಕಡಿಮೆ ಎಂದು ಸೈಫುದ್ದೀನ್ ಹೇಳಿದ್ದನ್ನು ಒಪ್ಪಿಕೊಂಡಿದ್ದರು. ಆದರೆ ಈಗ ಮಿಲ್ಲಿನ ಸಾವ್ಕಾರರು ಅವರನ್ನು ಎರಡು ಸಲ ಫೋನಿನಲ್ಲಿ ತರಾಟೆಗೆ ತೆಗೆದುಕೊಂಡಿದ್ದರು. ನಡಾವಳಿ ತೋರಿಸು ಎಂದರು. ತಂಡವನ್ನು ಒಂದು ಮಾತು ಕೇಳಿ ತರುತ್ತೇನೆ ಎಂದು ನಾಗವೇಣಿ ಹೊರಗೆ ಹೋದಳು. ಯಾರೂ ಬೇಡವೆನ್ನಲಿಲ್ಲ. ಗೌತಮ ಮಾತ್ರ ತಲೆ ಎತ್ತದೆ, “ತೋರ್ಸಕ್ಕಾ” ಎಂದ.

ಪಂಪಾಪತಿಯವರು ಹಾಳೆಯ ಮೇಲೆ ಕಣ್ಣಾಡಿಸಿ ಕೇಳಿದರು.

“ಇದರಾಗ ಯಾರು ಮಾಡಿದ್ರು ಅಂತ ಇಲ್ಲಲ್ಲ?”

“ಏನೇನಾತು ಅಂತ ಬರದೀನ್ರಿ ಸರ. ಯಾರು ಅಂತ ಬರದಿಲ್ಲ.”

“ಅವರು ಕೇಳಾಕತ್ತಾರವ್ವ. ಒಂದು ಹೆಸರ ಹೇಳಿದ್ರ ಅವರೂ ತಣ್ಣಗಾಗ್ತಾರ. ಗೌತಮನ್ನ ನಾ ಏನ್ ತೆಗದು ಹಾಕಂಗಿಲ್ಲ. ಒಂದು ಹೆಸರ ಬರದು ಕೊಡು ಸಾಕು.”

ಮಿಲ್ಲಿನವರಿಗೆ ಏನಾಯಿತು, ಹೇಗೆ ಸರಿಪಡಿಸಿದ್ದೇವೆ, ಇನ್ನು ಮುಂದೆ ಏನು ಎಚ್ಚರ ವಹಿಸುತ್ತೇವೆ ಎಂದು ಬೇರೆ ವರದಿಯನ್ನು ಇಂದೇ ಬರೆದು ಕೊಡುತ್ತೇನೆ ಎಂದಳು ನಾಗವೇಣಿ. ಇದು ತಂಡ ತನಗಾಗಿ ಬರೆದುಕೊಂಡದ್ದು, ಇದಕ್ಕೆ ಒಂದು ಹೆಸರು ಸೇರಿಸಿದರೆ ಮುಂದಿನ ಸಲ ಗೋಡೆಯ ಮೇಲೆ ಚೀಟಿಗಳೇ ಇರುವುದಿಲ್ಲ ಎಂದಳು. ಕೆಲಸ ಕೊಟ್ಟವರಿಗೆ ಆಗದು ಎಂದು ಹೇಳಿ ಆಕೆಗೆ ರೂಢಿಯಿರಲಿಲ್ಲ.

“ಒಂದ್ಸಲ ಪೂರಾ ಓದ್ರಿ ಸರ,” ಎಂದಳು.

ಪಂಪಾಪತಿಯವರು ಕನ್ನಡಕ ಹಾಕಿಕೊಂಡು ಮೊದಲಿನಿಂದ ಓದತೊಡಗಿದರು. ತೊಡಕುಗಳ ಕೊನೆಯ ಸಾಲಿಗೆ ಬಂದಾಗ ಅವರ ಬೆರಳು ಹಾಳೆಯ ಮೇಲೆ ನಿಂತಿತು. ಶುಕ್ರವಾರದೊಳಗೆ ಕೊಡುತ್ತೇವೆಂಬ ಮಾತು ತಂಡವನ್ನು ಕೇಳುವ ಮೊದಲೇ ಹೊರಗೆ ಹೋಗಿತ್ತು. ಆ ಮಾತು ಕೊಟ್ಟವರು ಅವರೇ. ಮಿಲ್ಲಿನ ಸಾವ್ಕಾರರ ಮನೆಯ ಕಾರ್ಯಕ್ರಮವೊಂದರಲ್ಲಿ, ಊಟದ ಪಂಕ್ತಿಯಲ್ಲಿ ಕೂತು, ಶುಕ್ರವಾರ ಖಂಡಿತ ಎಂದಿದ್ದರು. ಅದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಬರೆಯುವಾಗ ನಾಗವೇಣಿಗೂ ಗೊತ್ತಿತ್ತು. ಆದರೂ ಅಲ್ಲಿ ಅವರ ಹೆಸರಿರಲಿಲ್ಲ. ಗೌತಮನ ಹೆಸರು ಇಲ್ಲದಂತೆಯೇ ಅವರದೂ ಇರಲಿಲ್ಲ.

ಅವರು ಅದೇ ಸಾಲನ್ನು ಮತ್ತೊಮ್ಮೆ ಓದಿದರು. ಕೆಳಗೆ ಗಾಳಿಯ ಮಷೀನು ಶುರುವಾಗಿ ನಿಂತಿತು. ಪಂಪಾಪತಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಇದನ್ನ ಹಿಂಗ ಇಡು,” ಎಂದರು. ಹಾಳೆಯನ್ನು ಆಕೆಯ ಕೈಗೆ ಮರಳಿ ಕೊಟ್ಟು, “ಮಿಲ್ಲಿಗೆ ಏನ್ ಹೇಳಬೇಕೋ ನಾ ಹೋಗಿ ಹೇಳ್ತೀನಿ. ಆ ಮಾತು ಕೊಟ್ಟಾವ ನಾನ,” ಎಂದರು.

ಅದೇ ದಿನ ಅವರು ಕಾರು ತೆಗೆದುಕೊಂಡು ಪೋತ್ನಾಳಕ್ಕೆ ಹೋದರು. ನಾಗವೇಣಿ ಬರೆದ ವರದಿಯನ್ನು ಕೊಟ್ಟು, ಶುಕ್ರವಾರವೇ ಕೊಡುತ್ತೇನೆಂದು ತಂಡದವರನ್ನು ಕೇಳದೆ ಹೇಳಿದ್ದು ತನ್ನ ತಪ್ಪು ಎಂದು ಸಾವ್ಕಾರರ ಮುಂದೆ ಒಪ್ಪಿಕೊಂಡರಂತೆ. ಇದನ್ನು ನಾಗವೇಣಿಗೆ ತಿಳಿಸಿದವಳು ಫೋನಿನಲ್ಲಿ ಭಾಗ್ಯಜ್ಯೋತಿ. ಸಾವ್ಕಾರರು ಮರುಮಾತಾಡದೆ ಚಹಾ ತರಿಸಿದರು ಎಂದಳು. ಫೋನು ಕೆಳಗಿಟ್ಟ ನಾಗವೇಣಿ ನಡಾವಳಿಯನ್ನು ತೆಗೆದು ಆ ಸಾಲನ್ನು ಮತ್ತೆ ಓದಿದಳು. ಬರೆಯುವಾಗ ಆಕೆಗೆ ಇದ್ದ ಯೋಚನೆ ಗೌತಮನದು ಮಾತ್ರ. ಹೆಸರಿಲ್ಲದ ಒಂದು ಸಾಲು, ಯಾರೂ ಬೆರಳು ಮಾಡದೆಯೇ, ಒಬ್ಬ ದೊಡ್ಡ ಮನುಷ್ಯನನ್ನು ಅಷ್ಟು ದೂರ ಕಳಿಸಿತ್ತು.

ಎರಡು ವಾರದ ನಂತರದ ರೆಟ್ರೋದಲ್ಲಿ ಮೊದಲು ಹಳೆಯ ನಡಾವಳಿ ಓದಿದರು. ಮೊದಲ ಪ್ರಯೋಗ ಎಣಿಸಿದಂತೆ ನಡೆದಿರಲಿಲ್ಲ. ಶುಕ್ರವಾರದ ಅವಸರ ಬುಧವಾರಕ್ಕೆ ಬಂದು ಕೂತಿತ್ತು ಅಷ್ಟೇ. ಮಂಗಳವಾರ ಎಲ್ಲರೂ ಊಟ ಬಿಟ್ಟು ಬಡಿದಾಡಿದ್ದರು. ಅದನ್ನು ಹಾಗೆಯೇ ಬರೆಯಲೇ ಎಂದು ನಾಗವೇಣಿ ಕೇಳಿದಾಗ ಸೈಫುದ್ದೀನ್ ಹಾಗೆಯೇ ಬರಿ ಎಂದ. ಪ್ರಯೋಗ ಎಂದ ಮೇಲೆ ಸೋತರೂ ಒಂದು ಸಂಗತಿ ತಿಳಿದ ಹಾಗೆ, ಮುಚ್ಚಿಟ್ಟರೆ ಮಾತ್ರ ನಷ್ಟ ಎಂದ. ದಿನಕ್ಕಿಂತ ಕೆಲಸದ ಗಾತ್ರವೇ ತೊಡಕು ಎಂದು ಕಂಡುಕೊಂಡು, ಒಂದು ಆವೃತ್ತಿಯಲ್ಲಿ ಒಂದೇ ಬದಲಾವಣೆ ಇರಲಿ ಎಂದು ಪ್ರಯೋಗವನ್ನು ತಿದ್ದಿದರು.

ಎರಡನೆಯದು ಬೇರೆಯೇ ಆಗಿತ್ತು. ನಾಗವೇಣಿ, ಗೌತಮ ಇಬ್ಬರೂ ಬಸ್ಸು ಹತ್ತಿ ಪೋತ್ನಾಳಕ್ಕೆ ಹೋಗಿದ್ದರು. ಗೇಟಿನ ಹತ್ತಿರ ಹೋಗುವಾಗ ಗೌತಮನ ಕಾಲು ಹಿಂದೇಟು ಹಾಕಿದ್ದನ್ನು ಆಕೆ ನೋಡಿದಳು, ನೋಡದವಳ ಹಾಗೆ ಮುಂದೆ ನಡೆದಳು. ಭಾಗ್ಯಜ್ಯೋತಿ ಇಬ್ಬರಿಗೂ ನೀರು ಕೊಟ್ಟು, ಆ ಶನಿವಾರದ ಮಾತೆತ್ತದೆ, ಫೋನು ತಂದೀರೇನು ಎಂದು ಕೇಳಿದಳು. ನೆಟ್‌ವರ್ಕ್ ಬಂದ್ ಮಾಡಿ, ಹಳೆಯ ಆವೃತ್ತಿ ತೆಗೆದು ಹೊಸದು ಹಾಕಿ, ಬಿಸಿಲಲ್ಲಿ, ದೂಳಿನಲ್ಲಿ, ಟ್ರ್ಯಾಕ್ಟರಿನ ಸದ್ದಿನಲ್ಲಿ ಮೂವರೂ ಸುಳ್ಳು ಟೋಕನ್ ಕೊಡುತ್ತ ಕೂತರು. ಈಗ ಕಂತೆ ಅಳಿಯಲಿಲ್ಲ. ಆದರೆ ಇನ್ನೊಂದು ಕಂಡಿತು: ಚಾರ್ಜು ಮುಗಿದಾಗ ಗೇಟಿನವರು ಫೋನನ್ನು ಅದಲು ಬದಲು ಮಾಡಿಕೊಳ್ಳುತ್ತಾರೆ, ಆಗ ಒಂದು ಗೇಟಿನ ಲೆಕ್ಕ ಇನ್ನೊಂದಕ್ಕೆ ಸೇರುತ್ತದೆ. ಆಫೀಸಿನಲ್ಲಿ ಕೂತು ಇದನ್ನು ಯಾರೂ ಊಹಿಸುವಂತಿರಲಿಲ್ಲ. ಗೌತಮ ಅಲ್ಲಿಯೇ, ಕಾಟಾದ ಪಕ್ಕದ ಕಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅದನ್ನು ಸರಿಪಡಿಸತೊಡಗಿದ. ಕೆಲಸ ಹಿಡಿದ ಮೇಲೆ ಅವನ ಮುಖ ಮೊದಲಿನಂತಾಯಿತು. ತಂದೆಯ ಗುರುತಿನ ಹಮಾಲನೊಬ್ಬ ಹೆಗಲ ಮೇಲೆ ಚೀಲ ಹೊತ್ತು ಹೋಗುತ್ತ, “ಸುಂಕಪ್ಪನ ಮಗ ಅಲ್ಲೇನು? ಆರಾಮಿದ್ದಿಯೇನಪಾ?” ಎಂದು ಕೇಳಿದ. ಗೌತಮ ಎದ್ದು ನಿಂತು ಆರಾಮ್ ಎಂದ.

ತಿದ್ದಿದ ಆವೃತ್ತಿ ಸೋಮವಾರ ಹೊರಗೆ ಹೋಯಿತು. ಶನಿವಾರ ಬೆಳಿಗ್ಗೆ ಪಂಪಾಪತಿಯವರು ಎಲ್ಲರನ್ನೂ ಒಂದು ವ್ಯಾನಿನಲ್ಲಿ ಕೂರಿಸಿಕೊಂಡು ಪೋತ್ನಾಳಕ್ಕೆ ಹೊರಟರು. ಸುಗ್ಗಿಯ ನಡುಮಧ್ಯದ ದಿನಗಳು. ಎರಡೂ ಬದಿ ಕೊಯ್ದ ಗದ್ದೆ, ಕೊಯ್ಯುವ ಮಷೀನುಗಳ ಹಿಂದೆ ಬೆಳ್ಳಕ್ಕಿಗಳು. ಊರು ಹತ್ತಿರವಾದಂತೆ ಎಲ್ಲರೂ ಕಿಟಕಿಯಿಂದ ಹೊರಗೆ ಬಗ್ಗಿ ನೋಡತೊಡಗಿದರು. ಟ್ರ್ಯಾಕ್ಟರುಗಳ ಸಾಲಿನ ಬಾಲ ಪ್ರತಿ ವರ್ಷ ಸಿಗುತ್ತಿದ್ದ ತಿರುವು ಬಂತು. ಸಾಲು ಇರಲಿಲ್ಲ. ಇನ್ನೂ ಮುಂದೆ ಹೋದರು. ಇರಲಿಲ್ಲ. ಡ್ರೈವರು, ಇವತ್ತು ಮಿಲ್ಲು ಬಂದ್ ಇದೆಯೋ ಏನೋ ಎಂದ.

ಮಿಲ್ಲು ಬಂದ್ ಇರಲಿಲ್ಲ. ಗೇಟಿನ ಮುಂದೆ ಎರಡು ಟ್ರ್ಯಾಕ್ಟರು ನಿಂತಿದ್ದವು. ಒಂದು ಒಳಗೆ ಹೋಯಿತು, ಸ್ವಲ್ಪ ಹೊತ್ತಿಗೆ ಇನ್ನೊಂದು ಹಳ್ಳಿಯ ಕಡೆಯಿಂದ ಬಂದು ನಿಂತಿತು. ಚಾಲಕ ಫೋನು ತೋರಿಸಿದ, ಭಾಗ್ಯಜ್ಯೋತಿ ನಂಬರು ನೋಡಿ ಕೈ ಬೀಸಿದಳು, ಅವನೂ ಒಳಗೆ ಹೋದ. ರಾಯಚೂರಿನ ಬಸ್ಸೊಂದು ಎಲ್ಲಿಯೂ ನಿಲ್ಲದೆ ಹಾದು ಹೋಯಿತು. ಮತ್ತೆ ಒಂದು ಟ್ರ್ಯಾಕ್ಟರು. ಅಷ್ಟೇ.

ನಾಗವೇಣಿ ವ್ಯಾನಿನಿಂದ ಇಳಿದು ರಸ್ತೆಯ ಬದಿಯಲ್ಲಿ ನಿಂತಳು. ನೋಡಲು ಅಲ್ಲಿ ಏನೂ ಇರಲಿಲ್ಲ. ಖಾಲಿ ಡಾಂಬರು, ಅದರ ಮೇಲೆ ಅಲ್ಲಲ್ಲಿ ಉದುರಿದ ಭತ್ತದ ಕಾಳು, ಆರಿಸುತ್ತಿದ್ದ ಗುಬ್ಬಿಗಳು. ಆದರೂ ಆಕೆಗೆ ಕಣ್ಣು ಕೀಳಲಾಗಲಿಲ್ಲ. ಇಷ್ಟು ಹೊತ್ತಿಗೆ ಇಲ್ಲಿ ಟ್ರಾಲಿಯ ಕೆಳಗೆ ಮಲಗಿರಬೇಕಿದ್ದ ಜನರೆಲ್ಲ ತಮ್ಮ ತಮ್ಮ ಮನೆಯಲ್ಲಿದ್ದರು. ಯಾರೋ ಸ್ನಾನ ಮಾಡುತ್ತಿರಬೇಕು, ಯಾರೋ ಮಗುವನ್ನು ಶಾಲೆಗೆ ಬಿಡಲು ಹೊರಟಿರಬೇಕು, ಯಾರೋ ಬಿಸಿ ರೊಟ್ಟಿ ತಿನ್ನುತ್ತಿರಬೇಕು. ಅವರಿಗೆ ನಾಗವೇಣಿ ಯಾರೆಂದು ಗೊತ್ತಿಲ್ಲ. ಒಂದು ಸಣ್ಣ ಕೋಣೆಯಲ್ಲಿ ಕೆಲವು ಜನ ಹೆದರುತ್ತ ಹೆದರುತ್ತ ತಮ್ಮ ತಮ್ಮ ಪಾಲಿನ ಕೊರತೆಯನ್ನು ಚೀಟಿಯ ಮೇಲೆ ಬರೆದಿದ್ದರು. ಅದನ್ನು ಆಕೆ ನಾಲ್ಕು ಸಾಲಾಗಿ ಬರೆದಿದ್ದಳು. ಆ ನಾಲ್ಕು ಸಾಲು ಇಷ್ಟು ದೂರದ ರಸ್ತೆಯೊಂದನ್ನು ಹೀಗೆ ತೆರವು ಮಾಡಬಹುದೆಂದು ಆಕೆಗೆ ನಂಬಲಾಗಲಿಲ್ಲ. ಗೌತಮನೂ ಬಂದು ಪಕ್ಕದಲ್ಲಿ ನಿಂತ. ಸೈಫುದ್ದೀನ್ ಕೈ ಹಿಂದೆ ಕಟ್ಟಿಕೊಂಡು, ಮಸೀದಿಯೊಳಗೆ ನಿಂತವನ ಹಾಗೆ ಗಂಭೀರವಾಗಿ ನಿಂತಿದ್ದ. ಪಂಪಾಪತಿಯವರು ಸಣ್ಣವರಿದ್ದಾಗಿನಿಂದ ಈ ಹಾದಿಯನ್ನು ಬಲ್ಲವರು. ಅವರು ಹೇಳಿದರು:

“ಸುಗ್ಗ್ಯಾಗ ಈ ರಸ್ತಾ ಹಿಂಗ ನಾ ನೋಡೇ ಇಲ್ಲ.”

ಆ ಸುಗ್ಗಿ ಮುಗಿಯುವುದರೊಳಗೆ ಇನ್ನೂ ಕೆಲವು ಮಿಲ್ಲಿನವರು ಟೋಕನ್ ಕೇಳಿಕೊಂಡು ಬಂದರು. ಯಾವಾಗ ಕೊಡುತ್ತೀರಿ ಎಂದು ಕೇಳಿದವರಿಗೆ ಪಂಪಾಪತಿಯವರು, ನಮ್ಮ ತಂಡದವರನ್ನು ಕೇಳಿ ನಾಳೆ ಹೇಳುತ್ತೇನೆ ಎನ್ನತೊಡಗಿದರು. ಆ ಶನಿವಾರದ ನಂತರದ ರೆಟ್ರೋಗೆ ಭಾಗ್ಯಜ್ಯೋತಿಯನ್ನೂ ಕರೆದಿದ್ದರು. ಆಕೆ ಮೊದಲು ಸಂಕೋಚದಿಂದ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಳು, ಆಮೇಲೆ ಎಲ್ಲರಂತೆ ಚೀಟಿ ಬರೆದು ಅಂಟಿಸಿದಳು. ನಾಗವೇಣಿ ‘ಚೆನ್ನಾಗಿ ನಡೆದದ್ದು’ ಎಂಬುದರ ಕೆಳಗೆ ಬಹಳ ಹೊತ್ತು ಏನೂ ಬರೆಯಲಿಲ್ಲ. ಕಂಡದ್ದನ್ನು ಹೇಳಲು ಹೊರಟರೆ ಮಾತು ದೊಡ್ಡದಾಗುತ್ತಿತ್ತು, ನಡಾವಳಿಗೆ ಅಷ್ಟು ದೊಡ್ಡ ಮಾತು ಒಗ್ಗುವುದಿಲ್ಲ. ಕೊನೆಗೆ ಒಂದೇ ಸಾಲು ಬರೆದು ಓದಿದಳು: ಶನಿವಾರ ಬೆಳಿಗ್ಗೆ ಪೋತ್ನಾಳದ ರಸ್ತೆ ಖಾಲಿ ಇತ್ತು.

ಎಲ್ಲರೂ ತಲೆಯಾಡಿಸಿದರು. ಆಕೆ ಮುಂದಿನ ತಲೆಬರಹಕ್ಕೆ ಬಂದಳು. ತೊಡಕುಗಳ ಕೆಳಗೆ ಚೀಟಿಗಳೇನೂ ಈ ಸಲ ಕಡಿಮೆ ಇರಲಿಲ್ಲ. ಮೊದಲನೆಯದು ಭಾಗ್ಯಜ್ಯೋತಿಯದು: ಬಿಸಿಲಿನಲ್ಲಿ ಪರದೆಯ ಮೇಲಿನ ಅಕ್ಷರ ಕಾಣುವುದಿಲ್ಲ.